ಬಾಡಿಗೆ ಡಿಪಾಸಿಟ್ ಮರಳಿ ಕೇಳುವ ನೋಟಿಸ್: ಲೆಕ್ಕ, ಗಡುವು ಮತ್ತು ಮುಂದಿನ ಹೆಜ್ಜೆ

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ₹9,000 ಬಾಡಿಗೆಗೆ, ₹60,000 ಡಿಪಾಸಿಟ್ ಕೊಟ್ಟು ಇದ್ದೆವು. 11 ತಿಂಗಳ ಕರಾರು 2025ರ ಮೇ 31ಕ್ಕೆ ಮುಗಿಯಿತು, ಹೊಸದು ಮಾಡಲಿಲ್ಲ, ಬಾಡಿಗೆ ಕೊಡುತ್ತ ಮುಂದುವರಿದೆವು. ಒಂದು ತಿಂಗಳು ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿ, ನವೆಂಬರ್ 30ಕ್ಕೆ ಬೀಗದಕೈ ಅವರ ಕೈಗೇ ಕೊಟ್ಟು ಹುಬ್ಬಳ್ಳಿಗೆ ಬಂದೆವು. ಮಾಲೀಕರು ಇರುವುದು ಮಡಗಾಂವದಲ್ಲಿ. ಮೊದಲು ‘ಹೊಸ ಬಾಡಿಗೆಯವರು ಬಂದ ಮೇಲೆ ಕೊಡ್ತೆ’ ಎಂದವರು ಈಗ ಗೋಡೆಗೆ ಬೂಷ್ಟು ಹಿಡಿದಿದೆ, ಗ್ರಿಲ್ ತುಕ್ಕು ಹಿಡಿದಿದೆ, ₹35,000 ಖರ್ಚಿದೆ ಎನ್ನುತ್ತಿದ್ದಾರೆ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು 30 ದಿನದಲ್ಲಿ ಕೊಡಬೇಕೆಂದು ಕರಾರಿನಲ್ಲಿದೆ. ಅಡುಗೆಮನೆಯ ಒಂದು ಟೈಲ್ ನಮ್ಮಿಂದ ಒಡೆದದ್ದು ನಿಜ, ಕೊನೆಯ ಕರೆಂಟ್ ಬಿಲ್ ₹640 ಕೂಡ ಬಾಕಿ ಇದೆ. ನೋಟಿಸ್ ನಾನೇ ಬರೆಯಬಹುದೇ? ಹೇಗೆ ಬರೆಯಬೇಕು?

ಉತ್ತರ: ನೀವೇ ಬರೆಯಬಹುದು. ಡಿಪಾಸಿಟ್ ಕೇಳುವ ನೋಟಿಸ್ ವಕೀಲರ ತಲೆಬರಹದ ಕಾಗದದಲ್ಲೇ ಇರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ ಬರೆಯುವಾಗ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಈ ಕಾಗದವನ್ನು ಮೊದಲು ಓದುವವರು ನಿಮ್ಮ ಮಾಲೀಕರಾದರೂ ಅವರು ಹಣ ಕೊಡದೆ ಹೋದರೆ ಎರಡನೆಯದಾಗಿ ಓದುವವರು ಲೋಕ ಅದಾಲತ್ತಿನ ಪೀಠದವರು ಅಥವಾ ಸಿವಿಲ್ ನ್ಯಾಯಾಧೀಶರು. ನಿಮ್ಮ ಸಿಟ್ಟಿನಿಂದ ಆ ಎರಡನೆಯ ಓದುಗರಿಗೆ ಏನೂ ಆಗಬೇಕಾದ್ದಿಲ್ಲ. ಎಷ್ಟು ಹಣ, ಯಾವ ಆಧಾರದ ಮೇಲೆ, ಯಾವ ದಿನದಿಂದ ಬಾಕಿ, ಯಾವ ದಿನದವರೆಗೆ ಕಾದಿರಿ ಎಂಬುದಷ್ಟೇ ಅವರಿಗೆ ಬೇಕು.

ಮೊದಲು ಕಾನೂನಿನ ನೆಲೆ ಎಲ್ಲಿದೆ ಎಂದು ನೋಡೋಣ, ಏಕೆಂದರೆ ಅಲ್ಲಿ ಇಲ್ಲಿ ಓದಿದ ತಪ್ಪು ಕಾಯ್ದೆಯ ಹೆಸರು ಬರೆದರೆ ನೋಟಿಸಿನ ತೂಕವೇ ಇಳಿದುಹೋಗುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ಬಹಳ ಜನ ಉಲ್ಲೇಖಿಸುತ್ತಾರೆ. ಆ ಕಾಯ್ದೆಗೆ ಬಾಡಿಗೆಯ ಮಿತಿಯಿದ್ದು, ದೊಡ್ಡ ನಗರಗಳಲ್ಲಿ ತಿಂಗಳಿಗೆ ₹3,500, ಉಳಿದೆಡೆ ₹2,000 ಮೀರಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲವಾದ್ದರಿಂದ ನಿಮ್ಮ ₹9,000ದ ಮನೆ ಅದರ ಹೊರಗೇ ಉಳಿಯುತ್ತದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಯ ಡಿಪಾಸಿಟ್ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದಿರುವುದು ನಿಜ, ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ; ಅದನ್ನು ಹಿಡಿದು ನೀವು ಇಲ್ಲಿ ಹಣ ಕೇಳಲಾಗದು. ನಿಮಗೆ ಆಧಾರವಾಗುವುದು ನಿಮ್ಮ ಕರಾರುಪತ್ರ, ಅದರ ಹಿಂದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1872ರ ಕರಾರು ಕಾಯ್ದೆ.

ಕರಾರು ಮೇ ತಿಂಗಳಲ್ಲೇ ಮುಗಿದಿತ್ತಲ್ಲ, ಅದರ ಷರತ್ತು ಈಗಲೂ ನಡೆಯುತ್ತದೆಯೇ ಎಂಬ ಅನುಮಾನ ನಿಮಗೂ ಬಂದಿರಬಹುದು. ಮಾಲೀಕರಂತೂ ಅದನ್ನು ಎತ್ತಿಯೇ ಎತ್ತುತ್ತಾರೆ. ಅವಧಿ ಮುಗಿದ ಮೇಲೂ ನೀವು ಅದೇ ಬಾಡಿಗೆ ಕೊಡುತ್ತ ಉಳಿದಿರಿ, ಅವರು ಅದನ್ನು ತೆಗೆದುಕೊಳ್ಳುತ್ತ ಹೋದರು. ಹಾಗಾದಾಗ ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಮಿನ ಪ್ರಕಾರ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ, ಬೇರೆ ಮಾತುಕತೆ ಇಲ್ಲದಿದ್ದರೆ ಹಳೆಯ ಷರತ್ತುಗಳೂ ಹೊಂದುವಷ್ಟರ ಮಟ್ಟಿಗೆ ಅದರೊಂದಿಗೆ ಸಾಗಿದಂತೆ. ಆದ್ದರಿಂದ 30 ದಿನದ ಷರತ್ತು ನಿಮ್ಮ ಪರವಾಗಿ ನಿಲ್ಲುತ್ತದೆ, ಒಂದು ತಿಂಗಳ ಬಾಡಿಗೆ ಮುರಿಯುವ ಷರತ್ತು ಅವರ ಪರವಾಗಿ ನಿಲ್ಲುತ್ತದೆ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವಂತಿಲ್ಲ.

ವಾಟ್ಸ್‌ಆ್ಯಪ್ ಸಂದೇಶದ ವಿಷಯವೂ ಹೀಗೇ. ಬಾಡಿಗೆ ಕೊನೆಗೊಳಿಸುವ ನೋಟಿಸ್ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕೆಂದು 106ನೇ ಕಲಮು ಹೇಳುವುದರಿಂದ ನಿಮ್ಮ ಸಂದೇಶ ಸಾಕೋ ಸಾಲದೋ ಎಂದು ವಾದಿಸಲು ಜಾಗವಿದೆ. ಆದರೆ ನವೆಂಬರ್ 30ರಂದು ನೀವು ಬೀಗದಕೈ ಕೊಟ್ಟಿರಿ, ಅವರು ತಕರಾರಿಲ್ಲದೆ ತೆಗೆದುಕೊಂಡರು. ಮನೆಯನ್ನು ಬಿಟ್ಟುಕೊಡುವುದು ಮತ್ತು ಅದನ್ನು ಮಾಲೀಕರು ಒಪ್ಪಿಕೊಳ್ಳುವುದು ಎರಡೂ ಅಲ್ಲಿಗೇ ಆದವು, ಬಾಡಿಗೆಯೂ ಅಲ್ಲಿಗೇ ಮುಗಿಯಿತು. ಹೀಗಾಗಿ ನಿಮ್ಮ ನೋಟಿಸಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಾಕ್ಯ ಹಣದ್ದಲ್ಲ, ಬೀಗದಕೈಯದ್ದು. ಅದನ್ನು ಯಾರ ಕೈಗೆ, ಯಾವ ದಿನ, ಯಾವ ಜಾಗದಲ್ಲಿ ಕೊಟ್ಟಿರಿ ಎಂದು ಸ್ಪಷ್ಟವಾಗಿ ಬರೆಯಿರಿ. ಡಿಸೆಂಬರ್ ತಿಂಗಳ ಬಾಡಿಗೆಯನ್ನೂ ಮುರಿದುಕೊಳ್ಳುತ್ತೇನೆ ಎಂಬ ಮಾತು ಮುಂದೆ ಬಂದರೆ ಅದನ್ನು ತಡೆಯುವುದು ಈ ಒಂದೇ ವಾಕ್ಯ. ಡಿಪಾಸಿಟ್ ಸಿಗುವವರೆಗೆ ಬೀಗದಕೈ ಕೊಡುವುದಿಲ್ಲ ಎಂದು ಕೂರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅದು ಜಾಣತನದಂತೆ ಕಂಡರೂ ಅಷ್ಟು ದಿನದ ಬಾಡಿಗೆಯನ್ನು ತಾವೇ ಮೈಮೇಲೆ ಎಳೆದುಕೊಂಡಂತೆ ಆಗುವ ಸಾಧ್ಯತೆಯೇ ಹೆಚ್ಚು.

ಇನ್ನು ಬೂಷ್ಟು ಮತ್ತು ತುಕ್ಕಿನ ಮಾತು. ಕರಾವಳಿಯ ಬಾಡಿಗೆ ಜಗಳಗಳಲ್ಲಿ ಅರ್ಧಕ್ಕರ್ಧ ಇಲ್ಲಿಯೇ ಹುಟ್ಟುವುದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. 108ನೇ ಕಲಮಿನಂತೆ ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ ಸಹಜ ಬಳಕೆಯ ಸವೆತಕ್ಕೂ ಮನುಷ್ಯರ ಕೈ ಮೀರಿದ ಕಾರಣಗಳಿಂದಾದ ಬದಲಾವಣೆಗೂ ಅವನು ಹೊಣೆಯಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಸಮುದ್ರದ ಉಪ್ಪುಗಾಳಿ ನೇರವಾಗಿ ಹೊಡೆಯುವ ಊರಿನಲ್ಲಿ ಕಿಟಕಿಯ ಗ್ರಿಲ್ ತುಕ್ಕು ಹಿಡಿಯುವುದು ಬಾಡಿಗೆದಾರನ ತಪ್ಪಾಗಲಾರದು. ಅದಕ್ಕೆ ಕಾಲಕಾಲಕ್ಕೆ ರೆಡ್ ಆಕ್ಸೈಡ್ ಹೊಡೆದು ಬಣ್ಣ ಬಳಿಸುವುದು ಮನೆ ಕಾಯ್ದುಕೊಳ್ಳುವವರ ಕೆಲಸ.

ಬೂಷ್ಟಿನ ವಿಷಯದಲ್ಲಿ ಮಾತ್ರ ಪ್ರಾಮಾಣಿಕವಾಗಿ ನೋಡಬೇಕು, ಏಕೆಂದರೆ ಅದರಲ್ಲಿ ಎರಡು ಬಗೆ ಇದೆ. ಮನೆ ಬಿಡುವಾಗ ನೀವು ತೆಗೆದ ಫೋಟೋಗಳನ್ನು ಹಿಗ್ಗಿಸಿ ನೋಡಿ. ಕಿಟಕಿಯ ಸಜ್ಜಾ ಗೋಡೆಗೆ ಸೇರುವ ಜಾಗದಿಂದಲೋ ಸ್ಲ್ಯಾಬಿನ ಅಂಚಿನಿಂದಲೋ ಕಂದು ಗೆರೆಯೊಂದು ಕೆಳಕ್ಕೆ ಇಳಿದು, ಅದರ ಸುತ್ತ ಬಣ್ಣ ಉಬ್ಬಿ ಹಪ್ಪಳದಂತೆ ಎದ್ದು, ಬೆರಳಿನಿಂದ ತಟ್ಟಿದರೆ ಒಳಗಿನ ಗಾರೆ ಬಿಳಿ ಉಪ್ಪಿನ ಪುಡಿಯಾಗಿ ಉದುರುವಂತಿದ್ದರೆ ಅದು ಹೊರಗಿನಿಂದ ನೀರು ಜಿನುಗಿದ್ದು. ಅದು ಕಟ್ಟಡದ ದೋಷ, ಅದರ ದುರಸ್ತಿಯನ್ನು ನಿಮ್ಮ ತಲೆಗೆ ಕಟ್ಟುವಂತಿಲ್ಲ. ಹಾಗಲ್ಲದೆ ಕಪಾಟಿನ ಹಿಂದೆ, ಮಂಚದ ತಲೆಬದಿಯಲ್ಲಿ, ಬಚ್ಚಲುಮನೆಯ ಒಳಗೋಡೆಯಲ್ಲಿ ಮೇಲ್ಮೈಯಲ್ಲಷ್ಟೇ ಕಪ್ಪು ಚುಕ್ಕೆ ಹರಡಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುವಂತಿದ್ದರೆ ಅದು ಮಳೆಗಾಲದಲ್ಲಿ ಗಾಳಿಯಾಡದೆ ಬಂದದ್ದು. ಅದರಲ್ಲಿ ನಿಮ್ಮ ಪಾಲೂ ಸ್ವಲ್ಪ ಇರಬಹುದು, ಆದರೆ ಬಣ್ಣ ಹೊಡೆದರೆ ಅದು ಮುಗಿಯುತ್ತದೆ, ಬಣ್ಣಕ್ಕೆಂದೇ ಒಂದು ತಿಂಗಳ ಬಾಡಿಗೆಯನ್ನು ಕರಾರಿನಲ್ಲೇ ಮುರಿಯಲು ಬಿಟ್ಟಿದ್ದೀರಿ. ಒಂದೇ ಗೋಡೆಯ ಬಣ್ಣಕ್ಕೆ ಎರಡು ಸಲ ಹಣ ಮುರಿಯುವುದು ಹೇಗೆ ಸರಿ ಎಂದು ಅವರೇ ಹೇಳಬೇಕಾಗುತ್ತದೆ.

₹35,000ದ ಅಂಕಿಗೂ ಆಧಾರ ಬೇಕು. ಹಾನಿಯಾಗಿದೆ ಎನ್ನುವವರೇ ಹಾನಿಯನ್ನು ತೋರಿಸಬೇಕು, ಖರ್ಚನ್ನೂ ತೋರಿಸಬೇಕು. ಡಿಪಾಸಿಟ್ ಮುಟ್ಟುಗೋಲು ಎಂದು ಕರಾರಿನಲ್ಲಿ ಬರೆದಿದ್ದರೂ ಕರಾರು ಕಾಯ್ದೆಯ 74ನೇ ಕಲಮು ಸಮಂಜಸವಾದ ಪರಿಹಾರಕ್ಕಿಂತ ಹೆಚ್ಚು ಕೊಡಿಸುವುದಿಲ್ಲ. ಆದ್ದರಿಂದ ನೋಟಿಸಿನಲ್ಲಿ ಆ ಮೊತ್ತವನ್ನು ‘ಸುಳ್ಳು’ ಎಂದು ಬರೆಯುವ ಬದಲು ಬಿಲ್ಲು, ಫೋಟೋ ಮತ್ತು ಕೆಲಸದವರ ಅಂದಾಜು ಪಟ್ಟಿ ಕೇಳಿ. ಕೊಟ್ಟರೆ ಏನೆಂದು ತಿಳಿಯುತ್ತದೆ, ಕೊಡದಿದ್ದರೆ ಕೇಳಿದರೂ ಕೊಡಲಿಲ್ಲ ಎಂಬುದು ದಾಖಲಾಗುತ್ತದೆ. ಹೊಸ ಬಾಡಿಗೆಯವರು ಬಂದ ಮೇಲೆ ಕೊಡುತ್ತೇನೆ ಎಂಬ ಮಾತಿಗಂತೂ ಕರಾರಿನಲ್ಲಿ ಜಾಗವೇ ಇಲ್ಲ.

ನಿಮ್ಮಿಂದ ಒಡೆದ ಟೈಲನ್ನು ನೀವೇ ಮುಂದಾಗಿ ಒಪ್ಪಿಕೊಳ್ಳಿ. ಕಾರವಾರದ ಗಾರೆ ಕೆಲಸದವರೊಬ್ಬರಿಂದ ಅಂದಾಜು ತರಿಸಿ; ಇಲ್ಲಿ ₹1,500 ಎಂದು ಇಟ್ಟುಕೊಂಡಿದ್ದೇನೆ. ಒಪ್ಪಿಕೊಂಡರೆ ಕೈ ಸಡಿಲವಾಗುತ್ತದೆ ಎಂದು ಕೆಲವು ಸ್ನೇಹಿತರು ನಿಮಗೆ ಹೇಳಿಯಾರು. ನನ್ನ ಅಭಿಪ್ರಾಯ ಅದಕ್ಕೆ ವಿರುದ್ಧ: ತನ್ನ ಪಾಲಿನ ಕಡಿತವನ್ನು ತಾನೇ ಲೆಕ್ಕ ಹಾಕಿ ತೋರಿಸುವ ನೋಟಿಸನ್ನು ಪೀಠದಲ್ಲಿ ಕೂತವರು ನಂಬುತ್ತಾರೆ, ಪೂರ್ತಿ ₹60,000 ಕೇಳುವ ನೋಟಿಸಿನಲ್ಲಿ ಕರಾರನ್ನೇ ಓದಿಲ್ಲವೆಂಬ ಗುಮಾನಿ ಹುಟ್ಟುತ್ತದೆ. ಹಾಗೆ ನೋಡಿದರೆ ಬಣ್ಣಕ್ಕೆ ₹9,000, ಟೈಲಿಗೆ ₹1,500, ಹೆಸ್ಕಾಂ ಬಿಲ್ಲಿಗೆ ₹640, ಒಟ್ಟು ₹11,140 ಕಳೆದು ನಿಮಗೆ ಬರಬೇಕಾದದ್ದು ₹48,860.

ಗಡುವನ್ನು ಹೇಗೆ ಹಾಕಬೇಕೆಂಬುದು ಮುಂದಿನ ಪ್ರಶ್ನೆ. ‘ನೋಟಿಸ್ ತಲುಪಿದ 15 ದಿನದೊಳಗೆ’ ಎಂದು ಬರೆಯುವುದು ರೂಢಿ. ತಲುಪಿದ ದಿನ ಯಾವುದು ಎಂಬುದರ ಮೇಲೆಯೇ ಜಗಳ ಹುಟ್ಟುವುದರಿಂದ, ಅಂಚೆ ಓಡಾಟಕ್ಕೆ ಒಂದು ವಾರ ಬಿಟ್ಟು ನೇರವಾಗಿ ಕ್ಯಾಲೆಂಡರಿನ ದಿನಾಂಕ ಬರೆಯುವುದು ಒಳ್ಳೆಯದು. ಬ್ಯಾಂಕುಗಳಿಗೆ ರಜೆಯಿಲ್ಲದ ದಿನವನ್ನೇ ಆರಿಸಿ. ನಾನು ಕೆಳಗಿನ ಮಾದರಿಯಲ್ಲಿ 2026ರ ಜನವರಿ 12ರ ಸೋಮವಾರ ನೋಟಿಸ್ ಕಳಿಸಿ, ಫೆಬ್ರವರಿ 2ರ ಸೋಮವಾರದ ಗಡುವು ಕೊಟ್ಟಂತೆ ಬರೆದಿದ್ದೇನೆ.

ಬಡ್ಡಿಯ ಸಾಲನ್ನು ಬಿಡಬೇಡಿ. 1978ರ ಬಡ್ಡಿ ಕಾಯ್ದೆಯ 3ನೇ ಕಲಮಿನಂತೆ ಹಣ ಕೊಡುವ ದಿನ ಬರವಣಿಗೆಯ ಕರಾರಿನಲ್ಲೇ ನಿಗದಿಯಾಗಿದ್ದರೆ ಆ ದಿನದಿಂದ ನ್ಯಾಯಾಲಯ ಬಡ್ಡಿ ಕೊಡಿಸಬಹುದು. ಹಾಗೆ ನಿಗದಿಯಾಗಿಲ್ಲದಿದ್ದರೆ ಬಡ್ಡಿ ಕೇಳುತ್ತೇನೆಂದು ಬರವಣಿಗೆಯ ನೋಟಿಸಿನಲ್ಲಿ ತಿಳಿಸಿದ್ದರೆ ಮಾತ್ರ, ಅದರಲ್ಲಿ ಹೇಳಿದ ದಿನದಿಂದ ಕೊಡಿಸಬಹುದು. ನಿಮ್ಮ ಕರಾರಿನಲ್ಲಿ 30 ದಿನ ಎಂದಿರುವುದರಿಂದ ಡಿಸೆಂಬರ್ 30ಕ್ಕೆ ಅವಧಿ ಮುಗಿದು 31ರಿಂದ ಬಡ್ಡಿ ಶುರು. ವರ್ಷಕ್ಕೆ ಶೇ. 6ರಂತೆ ₹48,860ಕ್ಕೆ ದಿನಕ್ಕೆ ಸುಮಾರು ಎಂಟು ರೂಪಾಯಿ ಆಗುತ್ತದೆ, ಅಂದರೆ ತಿಂಗಳಿಗೆ ₹240ರ ಆಸುಪಾಸು. ಇದರಿಂದ ಮಾಲೀಕರು ಹೆದರುವುದಿಲ್ಲ, ಹೆದರಿಸುವುದು ಉದ್ದೇಶವೂ ಅಲ್ಲ. ಶೇ. 24 ಎಂದು ಬರೆಯುವವರಿದ್ದಾರೆ. ಕರಾರಿನಲ್ಲಿ ಇಲ್ಲದ ಆ ದರವನ್ನು ಯಾರೂ ಕೊಡಿಸುವುದಿಲ್ಲ.

ಮಾದರಿ ಹೀಗಿರಲಿ. ಹೆಸರು, ವಿಳಾಸಗಳನ್ನು ಕರಾರಿನಲ್ಲಿ ಇರುವಂತೆಯೇ ತುಂಬಿಸಿ.

ದಿನಾಂಕ: 12 ಜನವರಿ 2026, ಹುಬ್ಬಳ್ಳಿ

ಇಂದ: (ಬಾಡಿಗೆದಾರರ ಹೆಸರು ಮತ್ತು ಈಗಿನ ವಿಳಾಸ)
ಗೆ: (ಮಾಲೀಕರ ಹೆಸರು ಮತ್ತು ಮಡಗಾಂವದ ವಿಳಾಸ)

ವಿಷಯ: ಕೋಡಿಬಾಗದ ಮನೆಯ ಭದ್ರತಾ ಠೇವಣಿಯ ಬಾಕಿ ₹48,860 ಮರಳಿಸುವ ಬಗ್ಗೆ ನೋಟಿಸ್.

ಮಾನ್ಯರೇ,

ಕಾರವಾರದ ಕೋಡಿಬಾಗದಲ್ಲಿರುವ ತಮ್ಮ ಮನೆಯನ್ನು 1 ಜುಲೈ 2024ರ ಕರಾರುಪತ್ರದಂತೆ ತಿಂಗಳಿಗೆ ₹9,000 ಬಾಡಿಗೆಗೆ ಪಡೆದು, ₹60,000 ಭದ್ರತಾ ಠೇವಣಿಯನ್ನು (ದಿನಾಂಕ)ದಂದು ತಮ್ಮ ಬ್ಯಾಂಕ್ ಖಾತೆಗೆ ಜಮಾ ಮಾಡಿರುತ್ತೇನೆ. ಕರಾರಿನ ಅವಧಿ 31 ಮೇ 2025ಕ್ಕೆ ಮುಗಿದ ನಂತರವೂ ಅದೇ ಷರತ್ತುಗಳ ಮೇಲೆ ಬಾಡಿಗೆ ಮುಂದುವರಿದಿದ್ದು, ನವೆಂಬರ್ 2025ರವರೆಗಿನ ಬಾಡಿಗೆ ಪೂರ್ತಿ ಸಂದಾಯವಾಗಿದೆ. 30 ನವೆಂಬರ್ 2025ರಂದು ಸದರಿ ಮನೆಯಲ್ಲಿಯೇ ಬೀಗದಕೈಗಳನ್ನು ತಮ್ಮ ಕೈಗೆ ಕೊಟ್ಟಿದ್ದು, ತಾವು ಅವನ್ನು ಸ್ವೀಕರಿಸಿ ಮನೆಯ ಸ್ವಾಧೀನವನ್ನು ಪಡೆದಿರುತ್ತೀರಿ.

ಕರಾರಿನ (ಸಂಖ್ಯೆ)ನೇ ಷರತ್ತಿನಂತೆ ಬಣ್ಣಕ್ಕಾಗಿ ಒಂದು ತಿಂಗಳ ಬಾಡಿಗೆ ಕಳೆದು ಉಳಿದ ಠೇವಣಿಯನ್ನು 30 ದಿನಗಳೊಳಗೆ, ಅಂದರೆ 30 ಡಿಸೆಂಬರ್ 2025ರೊಳಗೆ ತಾವು ಮರಳಿಸಬೇಕಿತ್ತು. ಠೇವಣಿ ₹60,000ದಲ್ಲಿ ಬಣ್ಣಕ್ಕೆ ₹9,000, ನನ್ನಿಂದ ಒಡೆದ ಅಡುಗೆಮನೆಯ ಒಂದು ಟೈಲಿಗೆ ₹1,500, ಕೊನೆಯ ವಿದ್ಯುತ್ ಬಿಲ್ಲಿಗೆ ₹640 ಕಳೆದು ನನಗೆ ಬರಬೇಕಾದ ಮೊತ್ತ ₹48,860.

ಗೋಡೆಯ ಬೂಷ್ಟು ಮತ್ತು ಗ್ರಿಲ್ಲಿನ ತುಕ್ಕಿಗೆ ₹35,000 ಖರ್ಚೆಂದು ತಾವು ಹೇಳಿರುವುದನ್ನು ನಾನು ಒಪ್ಪುವುದಿಲ್ಲ. ಅವು ಮಳೆ, ತೇವ ಮತ್ತು ಸಹಜ ಬಳಕೆಯಿಂದ ಆದವು. ತಮ್ಮ ಹೇಳಿಕೆಗೆ ಆಧಾರವಿದ್ದರೆ ಬಿಲ್ಲು, ಫೋಟೋ ಮತ್ತು ಕೆಲಸದ ಅಂದಾಜು ಪಟ್ಟಿಯನ್ನು 22 ಜನವರಿ 2026ರೊಳಗೆ ನನಗೆ ಕಳುಹಿಸಬೇಕು.

₹48,860 ಮೊತ್ತವನ್ನು 2 ಫೆಬ್ರವರಿ 2026ರ ಸಂಜೆ 5 ಗಂಟೆಯೊಳಗೆ ಕೆಳಗಿನ ಬ್ಯಾಂಕ್ ಖಾತೆಗೆ ಜಮಾ ಮಾಡಲು ಈ ಮೂಲಕ ತಿಳಿಸುತ್ತೇನೆ. ಆ ದಿನದೊಳಗೆ ಪೂರ್ತಿ ಮೊತ್ತ ಬಂದಲ್ಲಿ ಬಡ್ಡಿ ಕೇಳುವುದಿಲ್ಲ. ಬಾರದಿದ್ದಲ್ಲಿ 31 ಡಿಸೆಂಬರ್ 2025ರಿಂದ ವಾರ್ಷಿಕ ಶೇ. 6ರ ಬಡ್ಡಿ ಸಹಿತ ಬಾಕಿಯ ವಸೂಲಿಗಾಗಿ ಮೊದಲು ಕಾರವಾರದ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಪೂರ್ವ ಅರ್ಜಿಯನ್ನೂ, ಅಲ್ಲಿ ಇತ್ಯರ್ಥವಾಗದಿದ್ದಲ್ಲಿ ಕಾರವಾರದ ಸಿವಿಲ್ ನ್ಯಾಯಾಲಯದಲ್ಲಿ ವೆಚ್ಚ ಸಹಿತ ದಾವೆಯನ್ನೂ ಹೂಡುತ್ತೇನೆ.

(ಬ್ಯಾಂಕ್ ಖಾತೆ ವಿವರ)
(ಸಹಿ)
ಲಗತ್ತು: ಕರಾರುಪತ್ರ, ಬ್ಯಾಂಕ್ ವಿವರ, ಫೋಟೋಗಳು, ವಿದ್ಯುತ್ ಬಿಲ್ಲು ಇವುಗಳ ಪ್ರತಿಗಳು.

ಪರಿಣಾಮದ ಸಾಲಿನಲ್ಲಿ ಪೊಲೀಸ್ ದೂರು, ಮೋಸದ ಕೇಸು, ಊರಲ್ಲಿ ಮರ್ಯಾದೆ ತೆಗೆಯುತ್ತೇನೆ ಎಂಬ ಮಾತುಗಳನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಡಿಪಾಸಿಟ್ ಕೊಡದಿರುವುದು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯ. ನೀವು ನಿಜವಾಗಿ ಮಾಡುವುದನ್ನಷ್ಟೇ ಬರೆಯಿರಿ, ಬರೆದದ್ದನ್ನು ಫೆಬ್ರವರಿ 3ರಂದು ಮಾಡಿ. ಗಡುವು ದಾಟಿದ ಮೇಲೆ ಎರಡನೇ, ಮೂರನೇ ನೋಟಿಸ್ ಕಳಿಸುತ್ತ ಹೋದರೆ ಮೊದಲನೆಯದರ ಬೆಲೆಯೂ ಹೋಗುತ್ತದೆ.

ಕಳುಹಿಸುವ ರೀತಿಯಲ್ಲಿ ಈಚೆಗೆ ಬದಲಾವಣೆಯಾಗಿದೆ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನೊಂದಿಗೆ ವಿಲೀನವಾಗಿದ್ದು, ಈಗ ಕೌಂಟರಿನಲ್ಲಿ ನೋಂದಣಿ ಸಹಿತ ಸ್ಪೀಡ್ ಪೋಸ್ಟ್ ಎಂದು ಕೇಳಿ, ತಲುಪಿದ ಪುರಾವೆಯನ್ನೂ ಕೇಳಿ ಪಡೆಯಬೇಕು. ರಸೀದಿಯನ್ನು ನೋಟಿಸಿನ ಪ್ರತಿಗೆ ಅಂಟಿಸಿಡಿ, ಟ್ರ್ಯಾಕಿಂಗ್ ಪುಟವನ್ನು ತಲುಪಿದ ದಿನವೇ ಮುದ್ರಿಸಿಕೊಳ್ಳಿ. ಸರಿಯಾದ ವಿಳಾಸಕ್ಕೆ ಹೋದ ನೋಟಿಸನ್ನು ಅವರು ತೆಗೆದುಕೊಳ್ಳಲು ಒಪ್ಪದೆ ಲಕೋಟೆ ‘ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಮರಳಿದರೆ ಅದನ್ನು ಒಡೆಯದೆ ಹಾಗೆಯೇ ಇಡಿ. ಕಾನೂನು ಅದನ್ನು ತಲುಪಿದಂತೆಯೇ ಊಹಿಸುತ್ತದೆ. ‘ಈ ವಿಳಾಸ ಬಿಟ್ಟು ಹೋಗಿದ್ದಾರೆ’ ಎಂದು ಬಂದರೆ ಮಾತ್ರ ಆ ಅನುಕೂಲವನ್ನು ನೆಚ್ಚಿಕೊಳ್ಳುವಂತಿಲ್ಲ, ಬೇರೆ ವಿಳಾಸ ಹುಡುಕಬೇಕು. ನೋಟಿಸಿನ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿ. ಆ ಸಂಭಾಷಣೆ ಮುಂದೆ ಸಾಕ್ಷ್ಯವಾಗಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆಯಾದ್ದರಿಂದ ಫೋನ್ ಬದಲಾಯಿಸುವ ಮೊದಲು ಅದನ್ನು ಜೋಪಾನ ಮಾಡಿ.

ಮಾಲೀಕರು ಗೋವಾದಲ್ಲಿದ್ದಾರೆ, ಅಲ್ಲಿಗೆ ಅಲೆಯಬೇಕಲ್ಲ ಎಂಬ ಚಿಂತೆ ಬೇಡ. ಮನೆ, ಕರಾರು, ಬೀಗದಕೈ ಎಲ್ಲವೂ ಕಾರವಾರದವೇ ಆದ್ದರಿಂದ ದಾವೆಯ ಕಾರಣ ಹುಟ್ಟಿದ ಊರು ಕಾರವಾರ, ಅಲ್ಲಿಯೇ ದಾವೆ ಹೂಡಬಹುದು. ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ ಅವರು ಮಾಲೀಕರನ್ನು ಮಾತುಕತೆಗೆ ಕರೆಯುತ್ತಾರೆ. ಶಿರಸಿ, ಕುಮಟಾದಂಥ ಊರುಗಳವರಿಗೆ ಆಯಾ ತಾಲ್ಲೂಕು ಸಮಿತಿ ಇದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಆ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿದ್ದು, ಅದರ ಮೇಲೆ ಅಪೀಲು ಇಲ್ಲ. ಅವರು ಬಾರದೇ ಇದ್ದರೆ ಎಳೆದು ತರುವ ಅಧಿಕಾರ ಅಲ್ಲಿಲ್ಲ ಎಂಬುದೇ ಅದರ ಮಿತಿ. ಆಗ ದಾವೆ ಒಂದೇ ದಾರಿ. ಅದಕ್ಕೆ ಮೂರು ವರ್ಷದ ಕಾಲಮಿತಿ ಇದೆ. ನೋಟಿಸ್ ಕೊಟ್ಟ ಮಾತ್ರಕ್ಕೆ ಆ ಗಡಿಯಾರ ನಿಲ್ಲುವುದಿಲ್ಲ, ಫೋನಿನಲ್ಲಿ ‘ಕೊಡ್ತೆ’ ಎಂದರೂ ನಿಲ್ಲುವುದಿಲ್ಲ. ಅವರು ಬಾಕಿಯನ್ನು ಬರವಣಿಗೆಯಲ್ಲಿ ಸಹಿ ಹಾಕಿ ಒಪ್ಪಿಕೊಂಡರೆ ಮಾತ್ರ ಹೊಸದಾಗಿ ಎಣಿಕೆ ಶುರುವಾಗುತ್ತದೆ. ಅತಿ ಎಚ್ಚರಿಕೆಯ ಲೆಕ್ಕದಲ್ಲಿ ಬೀಗದಕೈ ಕೊಟ್ಟ ದಿನದಿಂದಲೇ ಎಣಿಸಿ, 2028ರ ನವೆಂಬರ್ 30ನ್ನು ನಿಮ್ಮ ಕೊನೆಯ ದಿನವೆಂದು ಇಟ್ಟುಕೊಳ್ಳಿ.

ನೋಟಿಸ್ ತಲುಪಿದ ಮೇಲೆ ಪೂರ್ತಿ ಹಣದ ಬದಲು ₹25,000 ಹಾಕಿ ‘ಲೆಕ್ಕ ಚುಕ್ತಾ’ ಎಂದು ಸಂದೇಶ ಬರುವುದು ಬಹಳ ಸಾಮಾನ್ಯ. ಹಣ ಮರಳಿಸಬೇಡಿ, ಸುಮ್ಮನೆಯೂ ಇರಬೇಡಿ. ಅದೇ ದಿನ, ‘₹25,000 ಭಾಗಶಃ ಪಾವತಿಯಾಗಿ ಬಂದಿದೆ, ₹23,860 ಬಾಕಿ ಇದೆ, 12 ಜನವರಿಯ ನೋಟಿಸಿನ ಗಡುವು ಹಾಗೆಯೇ ಇದೆ’ ಎಂದು ಬರೆದು ಉತ್ತರಿಸಿ. ಚೆಕ್ ಕೊಡುತ್ತೇನೆ ಎಂದರೆ ತೆಗೆದುಕೊಳ್ಳಿ. ಅದು ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಬೇರೊಂದು ನೋಟಿಸ್ ಕೊಟ್ಟು, ಅದು ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಚೆಕ್ ಅಮಾನ್ಯದ ದೂರು ದಾಖಲಿಸಬಹುದು. ಪೂರ್ತಿ ಪಾವತಿಯ ರಸೀದಿಗೆ ಮೊದಲೇ ಸಹಿ ಹಾಕಿ ಕೊಡಿ ಎಂದು ಕೇಳಿದರೆ ಮಾತ್ರ, ಮೊತ್ತ ನಿಮ್ಮ ಖಾತೆಗೆ ಜಮಾ ಆದ ಮೇಲೆಯೇ, ಜಮಾ ಆದ ದಿನಾಂಕ ಮತ್ತು ವಹಿವಾಟು ಸಂಖ್ಯೆಯನ್ನು ಬರೆದು ಕೊಡುತ್ತೇನೆಂದು ತಿಳಿಸಿ.